ಗಂಟೆ ಉಳಿದಿದೆ, ಖರ್ಚು ಇಳಿದಿಲ್ಲ: ಎಂಟು ತಿಂಗಳ ನಂತರ ಲೆಕ್ಕ ಒಪ್ಪಿಸುವುದು ಹೇಗೆ?

ಪ್ರಶ್ನೆ: ಬಿಲ್ ಪಾವತಿಯ ಹೊಸ ಸಾಫ್ಟ್‌ವೇರ್ ನಮ್ಮಲ್ಲಿ ಎಂಟು ತಿಂಗಳ ಹಿಂದೆ ಗೋ-ಲೈವ್ ಆಯಿತು. ಪ್ರಾಜೆಕ್ಟ್ ಮ್ಯಾನೇಜರ್ ನಾನೇ. ತಿಂಗಳಿಗೆ ಸುಮಾರು 6,000 ಬಿಲ್, ಅಕೌಂಟ್ಸ್‌ನಲ್ಲಿ 12 ಜನ. ಒಂದು ಬಿಲ್ಲಿಗೆ ಹಿಡಿಯುವ 14 ನಿಮಿಷ 5ಕ್ಕೆ ಇಳಿಯುತ್ತದೆ, ಆರು ಜನರ ಕೆಲಸ ಉಳಿಯುತ್ತದೆ ಅಂತ ಬಿಸಿನೆಸ್ ಕೇಸ್‌ನಲ್ಲಿ ಬರೆದಿದ್ದೆವು. ವೆಂಡರ್ ಡ್ಯಾಶ್‌ಬೋರ್ಡ್ 5 ನಿಮಿಷ ಅಂತಲೇ ತೋರಿಸುತ್ತಿದೆ. ಆದರೆ ಫೈನಾನ್ಸ್ ಮುಖ್ಯಸ್ಥರು ‘ಹಾಗಾದರೆ ಸಂಬಳದ ಖರ್ಚು ಯಾಕೆ ಹಾಗೇ ಇದೆ?’ ಅಂತ ಕೇಳುತ್ತಿದ್ದಾರೆ. ಹೇಳಿದ ಲಾಭ ಬಂತೋ ಇಲ್ಲವೋ ಎಂದು ನೋಡುವ ಬೆನಿಫಿಟ್ಸ್ ರಿವ್ಯೂ ಮಾಡಿ ವರದಿ ಕೊಡಿ ಎಂದು ನನಗೇ ಹೇಳಿದ್ದಾರೆ. ಆ 14 ನಿಮಿಷ ಮೀಟಿಂಗ್‌ನಲ್ಲಿ ಬಾಯಿಮಾತಿಗೆ ಬಂದ ಸಂಖ್ಯೆ, ಯಾರೂ ಅಳೆದಿರಲಿಲ್ಲ. ಈಗ ಅಳೆಯಲು ಆಗುತ್ತದಾ? ಪ್ರಾಜೆಕ್ಟ್ ಸೋತಿತು ಅಂತ ಬರೆಯಬೇಕಾ?

ಉತ್ತರ: ಡ್ಯಾಶ್‌ಬೋರ್ಡ್ ಹೇಳುತ್ತಿರುವುದೂ ನಿಜವಿರಬಹುದು, ಫೈನಾನ್ಸ್‌ನವರು ಹೇಳುತ್ತಿರುವುದೂ ನಿಜವಿರಬಹುದು. ಡ್ಯಾಶ್‌ಬೋರ್ಡ್ ತನ್ನ ಕಣ್ಣಿಗೆ ಬಿದ್ದ ಬಿಲ್‌ಗಳ ನಿಮಿಷ ಎಣಿಸುತ್ತದೆ. ಫೈನಾನ್ಸ್ ತಿಂಗಳ ಕೊನೆಗೆ ಕೈಯಿಂದ ಹೋದ ಹಣ ಎಣಿಸುತ್ತದೆ. ಇವೆರಡರ ನಡುವೆ ಮೂರ್ನಾಲ್ಕು ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಎಲ್ಲಿ ಎಷ್ಟು ಸೋರಿತು ಎಂದು ಹುಡುಕುವುದೇ ನಿಮಗೆ ಒಪ್ಪಿಸಿರುವ ಕೆಲಸ. ಗೆದ್ದಿತೋ ಸೋತಿತೋ ಎಂಬ ತೀರ್ಪು ನಿಮ್ಮ ವರದಿಗೆ ಬೇಕಾಗಿಲ್ಲ.

ಮೊದಲು ಆ ‘ಆರು ಜನ’ ಎಲ್ಲಿಂದ ಬಂದರು ನೋಡೋಣ. ಬಿಲ್ಲಿಗೆ 9 ನಿಮಿಷ ಉಳಿತಾಯ, 6,000 ಬಿಲ್. ತಿಂಗಳಿಗೆ 900 ಗಂಟೆ. ಒಬ್ಬರು ತಿಂಗಳಿಗೆ 150 ಗಂಟೆ ಕೆಲಸ ಮಾಡುತ್ತಾರೆ ಎಂದುಕೊಂಡರೆ ಆರು ಜನ. ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇದೆ. ‘ಆದ್ದರಿಂದ ಆರು ಜನರ ಸಂಬಳ ಉಳಿಯುತ್ತದೆ’ ಎಂಬ ಮುಂದಿನ ಮಾತು ಮಾತ್ರ ಲೆಕ್ಕದಿಂದ ಬಂದದ್ದಲ್ಲ. ಉಳಿದ ಗಂಟೆ ಹಣವಾಗುವ ದಾರಿಗಳು ಬೆರಳೆಣಿಕೆಯಷ್ಟೇ: ಓವರ್‌ಟೈಮ್ ನಿಲ್ಲಬೇಕು, ಗುತ್ತಿಗೆ ನೌಕರರನ್ನು ಬಿಡಬೇಕು, ಖಾಲಿಯಾದ ಹುದ್ದೆಯನ್ನು ತುಂಬದೆ ಇರಬೇಕು, ಇಲ್ಲವೇ ಹೊಸಬರನ್ನು ತೆಗೆದುಕೊಳ್ಳಲೇಬೇಕಿದ್ದ ಹೆಚ್ಚುವರಿ ಕೆಲಸವನ್ನು ಇದ್ದವರೇ ಮಾಡಬೇಕು. ಈ ನಾಲ್ಕೂ ಯಾರೋ ಒಬ್ಬರು ತೆಗೆದುಕೊಳ್ಳಬೇಕಾದ ನಿರ್ಧಾರಗಳು. ಸಾಫ್ಟ್‌ವೇರ್ ತಾನಾಗಿ ಇವನ್ನು ಮಾಡುವುದಿಲ್ಲ. ನಿಮ್ಮ ಬಿಸಿನೆಸ್ ಕೇಸ್ ತೆರೆದು, ಆ ನಿರ್ಧಾರ ಯಾರು ಯಾವ ತಿಂಗಳಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಬರೆದಿತ್ತೇ ನೋಡಿ. ನಾನು ಓದಿದ ಹೆಚ್ಚಿನ ಬಿಸಿನೆಸ್ ಕೇಸ್‌ಗಳಲ್ಲಿ ಆ ಸಾಲು ಇರುವುದೇ ಇಲ್ಲ.

ಈ ಗೊಂದಲದಲ್ಲಿ ನೀವು ಒಂಟಿಯಲ್ಲ. 2004ರಲ್ಲಿ ಪೀಟರ್ ಗರ್ಶನ್ ಅವರ ವರದಿಯ ಮೇಲೆ ಬ್ರಿಟನ್ ಸರ್ಕಾರ ದೊಡ್ಡ ದಕ್ಷತೆಯ ಕಾರ್ಯಕ್ರಮ ಹಮ್ಮಿಕೊಂಡಾಗ, ಉಳಿತಾಯವನ್ನು ನಗದಾಗುವುದು, ನಗದಾಗದ್ದು ಎಂದು ಬೇರೆ ಬೇರೆಯಾಗಿ ಎಣಿಸುವ ಪದ್ಧತಿ ಇಟ್ಟುಕೊಂಡಿತ್ತು. 2007ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ, ಇಲಾಖೆಗಳು ತೋರಿಸಿದ ಉಳಿತಾಯವನ್ನು ಪರೀಕ್ಷಿಸಿ ಮೂರು ಗುಂಪು ಮಾಡಿತು. ಸುಮಾರು ಕಾಲುಭಾಗ ನಂಬಬಹುದಾದದ್ದು. ಅರ್ಧದಷ್ಟರಲ್ಲಿ ಉಳಿತಾಯ ಇದ್ದರೂ ಅಳತೆಯಲ್ಲಿ ತಕರಾರು. ಉಳಿದ ಕಾಲುಭಾಗಕ್ಕೆ ಸ್ವಲ್ಪ ಕಡಿಮೆ ಭಾಗ ಗಣನೀಯವಾಗಿ ತಪ್ಪಿರುವ ಸಾಧ್ಯತೆ. ಈ ಮೂರು ಗುಂಪುಗಳ ಕ್ರಮವನ್ನು ನಾನು ನನ್ನ ವರದಿಗಳಲ್ಲೂ ಬಳಸುತ್ತೇನೆ. ನಿಮಗೂ ಅದು ಉಪಯೋಗಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹೆಚ್ಚುಕಡಿಮೆ ನಿಮ್ಮದೇ ಗಾತ್ರದ ಒಂದು ಸಂಸ್ಥೆಯಲ್ಲಿ ಇಂಥದ್ದೇ ರಿವ್ಯೂ ಮಾಡಿದ್ದೆ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿ, ನಿಮ್ಮ 6,000 ಬಿಲ್ ಮತ್ತು 12 ಜನರನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅಲ್ಲೂ ‘14 ನಿಮಿಷ’ ಎಂಬುದು ಮೀಟಿಂಗ್‌ನಲ್ಲಿ ಹುಟ್ಟಿದ ಸಂಖ್ಯೆಯೇ. ಅಂಥ ಸಂಖ್ಯೆ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ, ಅದಕ್ಕೆ ಯಾರ ಕಪಟವೂ ಬೇಕಿಲ್ಲ. ‘ಒಂದು ಬಿಲ್ಲಿಗೆ ಎಷ್ಟು ಹೊತ್ತು?’ ಎಂದು ಕೇಳಿದರೆ ಜನರಿಗೆ ನೆನಪಾಗುವುದು ಕಾಟ ಕೊಟ್ಟ ಬಿಲ್ಲೇ ಹೊರತು ಸಲೀಸಾಗಿ ಹೋದ ಬಿಲ್ಲಲ್ಲ. ಹಾಗೆಂದು ‘ಬೇಸ್‌ಲೈನ್ ಇಲ್ಲ, ಇನ್ನು ಅಳೆಯಲು ಆಗದು’ ಎಂದು ಕೈಚೆಲ್ಲುವುದೂ ತಪ್ಪು. ಬೇಸ್‌ಲೈನ್ ಅಂದರೆ ಬದಲಾವಣೆಗೆ ಮುಂಚಿನ ಅಳತೆ, ಹಳೆಯ ಸಿಸ್ಟಂ ಬಿಟ್ಟುಹೋದ ಗುರುತುಗಳಿಂದ ಅದನ್ನು ಮತ್ತೆ ಕಟ್ಟಬಹುದು. ಒಂದೇ ದಾರಿಯಲ್ಲಿ ಕಟ್ಟಿದರೆ ಯಾರೂ ನಂಬುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿಗಳಲ್ಲಿ ಕಟ್ಟಿ, ಉತ್ತರ ಹತ್ತಿರ ಬಂದರೆ ಆಗ ನಿಲ್ಲುತ್ತದೆ.

ಒಂದು ದಾರಿ ಹಳೆಯ ಸಿಸ್ಟಂನ ಲಾಗ್. ಇಲ್ಲಿ ಬಹಳ ಜನ ಎಡವುತ್ತಾರೆ. ಬಿಲ್ ಎಂಟ್ರಿಯಾದ ಹೊತ್ತು ಮತ್ತು ಅಪ್ರೂವ್ ಆದ ಹೊತ್ತು, ಇವೆರಡರ ಅಂತರ ತೆಗೆದರೆ ಬರುವುದು ಕೆಲಸದ ಸಮಯವಲ್ಲ. ಅದರಲ್ಲಿ ಸರದಿಯಲ್ಲಿ ಕಾದದ್ದು, ಸಹಿ ಮಾಡುವವರು ರಜೆಯಲ್ಲಿದ್ದದ್ದು ಎಲ್ಲ ಸೇರಿರುತ್ತದೆ. ನಮಗೆ ಬೇಕಾದದ್ದು ಕೈಯಾಡಿಸಿದ ಸಮಯ. ಅದಕ್ಕೆ ಒಬ್ಬರೇ ಗುಮಾಸ್ತರು ಒಂದರ ಹಿಂದೆ ಒಂದು ಬಿಲ್ ಸೇವ್ ಮಾಡುತ್ತಾ ಹೋದ ಸಾಲುಗಳನ್ನು ತೆಗೆದುಕೊಳ್ಳಬೇಕು. 10:04ಕ್ಕೆ ಒಂದು, 10:15ಕ್ಕೆ ಇನ್ನೊಂದು, 10:27ಕ್ಕೆ ಮತ್ತೊಂದು ಎಂದಿದ್ದರೆ ಆ ಅಂತರಗಳು ಕೆಲಸದ ಸಮಯಕ್ಕೆ ಹತ್ತಿರ. ಅರ್ಧ ಗಂಟೆಗಿಂತ ದೊಡ್ಡ ಅಂತರವಿದ್ದರೆ ಅವರು ಎದ್ದು ಹೋಗಿದ್ದಾರೆ ಅಥವಾ ಬೇರೆ ಕೆಲಸ ಹಿಡಿದಿದ್ದಾರೆ ಎಂದು ಬಿಟ್ಟುಬಿಡಿ. ಉಳಿದವುಗಳಲ್ಲಿ ಸರಾಸರಿಯ ಬದಲು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ ತೆಗೆಯಿರಿ. ನಾಲ್ಕಾರು ವಿಪರೀತದ ಬಿಲ್‌ಗಳು ಸರಾಸರಿಯನ್ನು ಎಳೆದುಬಿಡುತ್ತವೆ. ನನಗೆ ಈ ದಾರಿಯಲ್ಲಿ ಸಿಕ್ಕದ್ದು 11 ನಿಮಿಷ.

ಇನ್ನೊಂದು ದಾರಿ ಸಂಬಳದ ಪಟ್ಟಿಯಿಂದ ಕೆಳಗಿಳಿದು ಬರುವುದು. 12 ಜನ, ತಲಾ 150 ಗಂಟೆ ಅಂದರೆ 1,800. ಮೇಲೆ 90 ಗಂಟೆ ಓವರ್‌ಟೈಮ್ ಕೊಟ್ಟಿದ್ದರು, ಒಟ್ಟು 1,890. ಇದರಲ್ಲಿ ನಾಲ್ವರು ಬಿಲ್ ಮುಟ್ಟುತ್ತಲೇ ಇರಲಿಲ್ಲ. ಸರಬರಾಜುದಾರರ ಸ್ಟೇಟ್‌ಮೆಂಟ್ ತಾಳೆ ನೋಡುವುದೇ ಅವರ ಕೆಲಸ, ಅಂದರೆ 600 ಗಂಟೆ ಹೊರಗೆ. ತಿಂಗಳ ಕೊನೆಯ ಲೆಕ್ಕ ಮುಗಿಸುವುದಕ್ಕೆ ಉಳಿದವರಿಂದ ಇನ್ನೊಂದು 90 ಗಂಟೆ. ಬಿಲ್‌ಗೆಂದು ಉಳಿದದ್ದು 1,200 ಗಂಟೆ, ಬಿಲ್ಲಿಗೆ 12 ನಿಮಿಷ. ಒಂದು ದಾರಿ 11 ಎಂದಿತು, ಇನ್ನೊಂದು 12. ಹಾಗಾಗಿ ‘11ರಿಂದ 12’ ಎಂದೇ ಬರೆದೆ. 11.5 ಎಂದು ಒಂದೇ ಸಂಖ್ಯೆ ಬರೆದರೆ, ಇಲ್ಲದ ನಿಖರತೆಯನ್ನು ನಾನೇ ತುಂಬಿದಂತಾಗುತ್ತಿತ್ತು.

ಅಂದರೆ ಸಾಫ್ಟ್‌ವೇರ್ ಬರುವುದಕ್ಕೂ ಮೊದಲೇ, ಭರವಸೆಯ 9 ನಿಮಿಷದಲ್ಲಿ ಎರಡರಿಂದ ಮೂರು ನಿಮಿಷ ಕಾಗದದ ಮೇಲಷ್ಟೇ ಇತ್ತು.

ಇನ್ನು ಈಗಿನ ಸಂಖ್ಯೆ. ಡ್ಯಾಶ್‌ಬೋರ್ಡ್‌ನ ನಿಮಿಷ ನೋಡುವುದಕ್ಕೂ ಮುಂಚೆ ಅದು ಎಷ್ಟು ಬಿಲ್ ಎಣಿಸಿದೆ ಎಂದು ನೋಡಿ. ನನ್ನ ಕೇಸ್‌ನಲ್ಲಿ ಆ ತಿಂಗಳು ಲೆಡ್ಜರ್ ಪ್ರಕಾರ ಪಾವತಿಯಾದ ಬಿಲ್ 6,000. ಡ್ಯಾಶ್‌ಬೋರ್ಡ್‌ನ ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ಸಂಖ್ಯೆ 4,200. ಉಳಿದ 1,800 ಎಲ್ಲಿ ಹೋದವು? ಪರ್ಚೇಸ್ ಆರ್ಡರ್‌ಗೆ ತಾಳೆಯಾಗದ ಬಿಲ್ಲನ್ನು ಸಿಸ್ಟಂ ‘ಎಕ್ಸೆಪ್ಶನ್’ ಎಂದು ಪಕ್ಕಕ್ಕೆ ಇಡುತ್ತಿತ್ತು. ಇಟ್ಟ ಕೂಡಲೇ ಅದರ ಗಡಿಯಾರ ನಿಲ್ಲುತ್ತಿತ್ತು. ವೆಂಡರ್ ಮೋಸ ಮಾಡಿರಲಿಲ್ಲ. ತನ್ನ ಸಿಸ್ಟಂನೊಳಗೆ ನಡೆದದ್ದನ್ನು ಅದು ಎಣಿಸುತ್ತಿತ್ತು, ಅಷ್ಟೇ. ಆ 1,800 ಬಿಲ್‌ಗಳ ಕೆಲಸ ನಡೆಯುತ್ತಿದ್ದದ್ದು ಸಿಸ್ಟಂನ ಹೊರಗೆ.

ಎಲ್ಲಿ ಎಂದು ತಿಳಿಯಲು ಗುಮಾಸ್ತರೊಬ್ಬರ ಪಕ್ಕದಲ್ಲಿ ಅರ್ಧ ದಿನ ಕೂತೆ. ಅವರ ಪರದೆಯ ಮೇಲೆ ಹೊಸ ಸಾಫ್ಟ್‌ವೇರ್ ಒಂದು ಕಿಟಕಿಯಲ್ಲಿತ್ತು, ಪಕ್ಕದಲ್ಲೇ ಒಂದು ಎಕ್ಸೆಲ್ ಶೀಟ್. ಅದರಲ್ಲಿ ಬಿಲ್ ನಂಬರ್, ಯಾರಿಗೆ ಮೇಲ್ ಮಾಡಿದ್ದು, ಎಷ್ಟನೇ ಸಲ, ಏನು ಉತ್ತರ ಬಂತು ಎಲ್ಲ ಇತ್ತು. ಹಳದಿ ಅಂದರೆ ಒಮ್ಮೆ ಕೇಳಿದ್ದು, ಕೆಂಪು ಅಂದರೆ ಮೂರು ಸಲ. ‘ಇದು ಸಿಸ್ಟಂನಲ್ಲಿ ಬರಲ್ಲ ಸರ್, ನಾವೇ ಇಟ್ಕೊಂಡಿದೀವಿ’ ಎಂದರು. ಮತ್ತೆ ನೋಡಿದರೆ ಬಿಲ್ ನೋಡುವ ಎಂಟೂ ಜನರ ಹತ್ತಿರ ಒಂದೊಂದು ಅಂಥ ಶೀಟ್ ಇತ್ತು. ಹೊಸ ಸಿಸ್ಟಂ ಬಂದ ಎಂಟು ತಿಂಗಳಿಗೆ ಸ್ವಂತ ಶೀಟ್‌ಗಳು ಹುಟ್ಟಿಕೊಂಡಿದ್ದರೆ, ಸಿಸ್ಟಂ ಅಲ್ಲಿ ಯಾವುದೋ ಕೆಲಸ ಬಿಟ್ಟುಹಾಕಿದೆ ಎಂದೇ ಅರ್ಥ. ನಿಮ್ಮ ರಿವ್ಯೂ ಅಲ್ಲಿಂದ ಶುರುವಾಗಲಿ.

ಎರಡು ವಾರ, ಎಕ್ಸೆಪ್ಶನ್ ಬಿಲ್ ಕೈಗೆ ತೆಗೆದುಕೊಂಡಾಗಲೆಲ್ಲ ಎಷ್ಟು ನಿಮಿಷ ಹಿಡಿಯಿತು ಎಂದು ಒಂದು ಚೀಟಿಯಲ್ಲಿ ಗೀಟು ಹಾಕಿ ಎಂದು ಕೇಳಿಕೊಂಡೆ. ಇಲ್ಲೊಂದು ಸೂಕ್ಷ್ಮ ಇದೆ. ಈ ಎಣಿಕೆ ತಮ್ಮ ಕೆಲಸಕ್ಕೇ ಕುತ್ತು ತರುತ್ತದೆ ಎಂದು ಅನಿಸಿದರೆ ಜನ ನಿಮಿಷವನ್ನು ಹಿಗ್ಗಿಸಿ ಬರೆಯುತ್ತಾರೆ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಹೆಸರು ಬರೆಯಬೇಡಿ, ಬಿಲ್ ನಂಬರ್ ಸಾಕು ಎಂದೆ. ‘ಯಾರ ಕೆಲಸವೂ ಹೋಗಲ್ಲ’ ಎಂಬ ಮಾತು ಕೊಡಲಿಲ್ಲ, ಯಾಕೆಂದರೆ ಅದು ನನ್ನ ಕೈಯಲ್ಲಿರಲಿಲ್ಲ. ನೀವೂ ಕೊಡಬೇಡಿ. ಚೀಟಿಗಳ ಪ್ರಕಾರ ಒಂದು ಎಕ್ಸೆಪ್ಶನ್‌ಗೆ 19 ನಿಮಿಷ.

ಈಗ ಕೂಡಿಸಿ. 4,200 ಬಿಲ್‌ಗೆ 5 ನಿಮಿಷದಂತೆ 350 ಗಂಟೆ. 1,800 ಬಿಲ್‌ಗೆ 19 ನಿಮಿಷದಂತೆ 570 ಗಂಟೆ. ಒಟ್ಟು 920. ಎಲ್ಲ ಬಿಲ್‌ಗಳ ಮೇಲೆ ಹಂಚಿದರೆ ಒಂದಕ್ಕೆ 9 ನಿಮಿಷ ಚಿಲ್ಲರೆ. ಮೊದಲು 1,100ರಿಂದ 1,200 ಗಂಟೆ ಬೇಕಿತ್ತು, ಈಗ 920. ಭರವಸೆ ಕೊಟ್ಟದ್ದು 900 ಗಂಟೆಯ ಉಳಿತಾಯ, ಕಂಡದ್ದು 180ರಿಂದ 280, ಅಂದಾಜು ಮಧ್ಯಕ್ಕೆ 230. ಭರವಸೆಯ ಕಾಲುಭಾಗ.

ಆ 230 ಗಂಟೆಯಾದರೂ ಏನಾಯಿತು? 90 ಗಂಟೆ ಓವರ್‌ಟೈಮ್ ನಾಲ್ಕನೇ ತಿಂಗಳಿಂದ ಪೂರ್ತಿ ನಿಂತಿತ್ತು. ಅದು ಸಂಬಳದ ಪಟ್ಟಿಯಲ್ಲೇ ಕಾಣುತ್ತಿತ್ತು, ಯಾರೂ ಪ್ರಶ್ನಿಸುವಂತಿರಲಿಲ್ಲ. ಉಳಿದದ್ದು 140. ಈ 140 ಗಂಟೆ ಸುಮಾರು ಒಬ್ಬರ ಪೂರ್ತಿ ತಿಂಗಳ ಕೆಲಸಕ್ಕೆ ಸಮ. ಆದರೆ ಅದು ಒಬ್ಬರ ಬಳಿ ಗಂಟಾಗಿ ಉಳಿದಿರಲಿಲ್ಲ. 12 ಜನರಲ್ಲಿ ಹಂಚಿಹೋಗಿತ್ತು, ತಲೆಗೆ ದಿನಕ್ಕೆ ಅರ್ಧ ಗಂಟೆಯಂತೆ. ದಿನಕ್ಕೆ ಅರ್ಧ ಗಂಟೆ ಬಿಡುವಾದ ಹನ್ನೆರಡು ಜನರಿಂದ ಒಬ್ಬರ ಸಂಬಳ ಕಡಿಮೆಯಾಗುವುದಿಲ್ಲ. ಕೆಲಸವನ್ನು ಮತ್ತೆ ಹಂಚಿ, ಹನ್ನೊಂದು ಜನರ ಮೇಜಿಗೆ ತಂದು, ಹನ್ನೆರಡನೆಯವರನ್ನು ಬೇರೆಡೆಗೆ ಕಳಿಸಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ನಿಮ್ಮ ಫೈನಾನ್ಸ್ ಮುಖ್ಯಸ್ಥರ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲೇ ಸಿಗುತ್ತದೆ ಎಂದು ನನ್ನ ಊಹೆ. ಓವರ್‌ಟೈಮ್ ಖರ್ಚು ಸಂಬಳದ ಖಾತೆಯಲ್ಲೇ ಸೇರಿದೆಯೋ, ಬೇರೆ ಖಾತೆಯಲ್ಲಿದೆಯೋ ಮೊದಲು ಕೇಳಿ. ಬೇರೆ ಖಾತೆಯಲ್ಲಿದ್ದು ಅದು ಇಳಿದಿದ್ದರೆ, ಉಳಿತಾಯ ಬಂದಿದ್ದೂ ಅವರು ನೋಡುತ್ತಿರುವ ಸಾಲಿನಲ್ಲಿ ಕಾಣಿಸುತ್ತಿಲ್ಲ.

ಆ ಅರ್ಧ ಗಂಟೆ ಪೋಲಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸ್ಟೇಟ್‌ಮೆಂಟ್ ತಾಳೆ ನೋಡುವ ಕೆಲಸ ಹಿಂದೆ ಎರಡು ತಿಂಗಳು ಬಾಕಿ ಬೀಳುತ್ತಿತ್ತು, ಈಗ ಆಯಾ ತಿಂಗಳೇ ಮುಗಿಯುತ್ತಿತ್ತು. ಇದು ಯಾರೂ ಭರವಸೆ ಕೊಡದೆ ಬಂದ ಲಾಭ. ವರದಿಯಲ್ಲಿ ಧಾರಾಳವಾಗಿ ಬರೆಯಿರಿ. ಆದರೆ 140 ಗಂಟೆಯನ್ನು ಸಂಬಳದ ದರದಿಂದ ಗುಣಿಸಿ ಒಮ್ಮೆ, ಅದೇ ಗಂಟೆಯಲ್ಲಿ ಮಾಡಿದ ತಾಳೆಯ ಬೆಲೆ ಕಟ್ಟಿ ಇನ್ನೊಮ್ಮೆ, ಹೀಗೆ ಎರಡು ಸಲ ಎಣಿಸಬೇಡಿ. ಕೊರತೆ ಬಿದ್ದ ವರದಿಗಳಲ್ಲಿ ಈ ಆಸೆ ತಪ್ಪದೆ ತಲೆಹಾಕುತ್ತದೆ.

ಇನ್ನೊಂದು ಕಡೆಗೂ ಕಣ್ಣು ಹಾಯಿಸಬೇಕು, ಪ್ರಾಜೆಕ್ಟ್ ತಂಡಕ್ಕೆ ಇಷ್ಟವಾಗದ ಕಡೆ ಅದು. ಹಿಂದೆ ಮಾಲು ಬಂತೆಂಬ ಚೀಟಿಯನ್ನು ಅಕೌಂಟ್ಸ್‌ನವರೇ ಸಿಸ್ಟಂಗೆ ಹಾಕುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಾಲು ತರಿಸಿಕೊಂಡ ವಿಭಾಗದವರೇ ಆ ಚೀಟಿಯ, ಅಂದರೆ ಜಿಆರ್‌ಎನ್‌ನ, ಎಂಟ್ರಿ ಮಾಡಬೇಕು. ಒಂದಕ್ಕೆ 2 ನಿಮಿಷ, ತಿಂಗಳಿಗೆ 3,000 ಎಂಟ್ರಿ: 100 ಗಂಟೆ. ಅಕೌಂಟ್ಸ್‌ನಲ್ಲಿ ಉಳಿದ 230ರಲ್ಲಿ 100 ಗಂಟೆ ಉಳಿದದ್ದಲ್ಲ, ಬೇರೆ ಮೇಜುಗಳಿಗೆ ದಾಟಿದ್ದು. ಮಾಲು ಕಂಡವರೇ ಎಂಟ್ರಿ ಮಾಡುವುದು ಒಳ್ಳೆಯ ಪದ್ಧತಿಯೇ, ತಪ್ಪು ಕಡಿಮೆ. ಆದರೂ ಇಡೀ ಸಂಸ್ಥೆಯ ಲೆಕ್ಕದಲ್ಲಿ ಉಳಿತಾಯ 130 ಗಂಟೆಯೇ. ಉಳಿದ ವಿಭಾಗಗಳಿಗೆ ಹೋಗಿ ‘ಈ ಪ್ರಾಜೆಕ್ಟ್ ಬಂದ ಮೇಲೆ ನಿಮಗೆ ಹೊಸದಾಗಿ ಬಂದ ಕೆಲಸ ಏನು?’ ಎಂದು ಕೇಳಿ. ಐದು ಜನರನ್ನು ಕೇಳಿದರೂ ಸಾಕು, ಅವರು ಹೇಳಲು ಕಾಯುತ್ತಿರುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ವರದಿ ಶವಪರೀಕ್ಷೆಯಾಗುತ್ತದೆ. ನನಗೆ ನಿಜವಾಗಿ ಬೇಕಿದ್ದದ್ದು ಆ 1,800 ಎಕ್ಸೆಪ್ಶನ್‌ಗಳ ಕಾರಣ. ಕೆಂಪು ಹಳದಿ ಶೀಟ್‌ಗಳನ್ನೆಲ್ಲ ಒಟ್ಟು ಮಾಡಿ ಕಾರಣವಾರು ಎಣಿಸಿದೆವು. ಒಂದು ದಿನದ ಕೆಲಸ, ಇಡೀ ರಿವ್ಯೂನಲ್ಲಿ ಅದಕ್ಕಿಂತ ಫಲ ಕೊಟ್ಟ ದಿನ ಬೇರಿಲ್ಲ. ಸುಮಾರು 1,000 ಬಿಲ್‌ಗಳ ಕಾರಣ ಒಂದೇ: ಬಿಲ್ ಬಂದಾಗ ಪರ್ಚೇಸ್ ಆರ್ಡರ್ ಇರಲಿಲ್ಲ. ವಿಭಾಗದವರು ಫೋನ್‌ನಲ್ಲಿ ಮಾಲು ಹೇಳಿ, ಬಿಲ್ ಬಂದ ಮೇಲೆ ನಿಧಾನಕ್ಕೆ ಆರ್ಡರ್ ಹಾಕುತ್ತಿದ್ದರು. ತಾಳೆ ನೋಡಲು ಎದುರು ಕಾಗದವೇ ಇಲ್ಲದಿದ್ದರೆ ಸಾಫ್ಟ್‌ವೇರ್ ಏನು ಮಾಡೀತು? ಬಿಸಿನೆಸ್ ಕೇಸ್ ಬರೆಯುವಾಗ ‘ಎಲ್ಲ ಖರೀದಿಗೂ ಮುಂಚಿತವಾಗಿ ಆರ್ಡರ್ ಇರುತ್ತದೆ’ ಎಂದು ಊಹೆಯ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದ್ದರು. ಆರ್ಡರ್ ಇಲ್ಲದ ಬಿಲ್ಲನ್ನು ವಾಪಸ್ ಕಳಿಸುತ್ತೇವೆ ಎಂಬ ನಿಯಮ ತರುವುದು ಯಾರ ಕೆಲಸ ಎಂದು ಬರೆದಿರಲಿಲ್ಲ. ಪ್ರಾಜೆಕ್ಟ್ ತಂಡ ಸಾಫ್ಟ್‌ವೇರ್ ತಂದಿತು, ನಿಯಮವನ್ನು ಯಾರೂ ತರಲಿಲ್ಲ.

ಆ 1,000 ಬಿಲ್‌ಗಳು 19 ನಿಮಿಷದಿಂದ 5ಕ್ಕೆ ಬಂದರೆ ತಿಂಗಳಿಗೆ ಇನ್ನೂ 230 ಗಂಟೆ. ಅಂದರೆ ಈಗ ಬಂದಿರುವಷ್ಟೇ ಲಾಭ, ಸಾಫ್ಟ್‌ವೇರ್‌ಗೆ ಮತ್ತೆ ಖರ್ಚಿಲ್ಲದೆ, ಒಂದು ನಿಯಮದ ಆಚೆ ಕೂತಿತ್ತು. ಎರಡೂ ಸೇರಿದರೂ 460 ಗಂಟೆ, ಮೂರು ಜನರ ಕೆಲಸ. ಆರು ಜನ ಎಂಬುದು ಯಾವತ್ತೂ ಆಗುವ ಮಾತಾಗಿರಲಿಲ್ಲ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಮುಂದಿನ ವರ್ಷವೂ ಯಾರೋ ಅದೇ ಆರು ಜನರನ್ನು ಕೇಳುತ್ತಾರೆ.

ನಿಮ್ಮ ಬಿಸಿನೆಸ್ ಕೇಸ್‌ನಲ್ಲಿ ‘ಪಾವತಿ ಬೇಗ ಆಗುತ್ತದೆ’ ಎಂಬ ಭರವಸೆಯೂ ಇದ್ದರೆ ಒಂದು ಎಚ್ಚರ. ಎಷ್ಟೋ ಹೊಸ ಸಿಸ್ಟಂಗಳಲ್ಲಿ ಗಡಿಯಾರ ಶುರುವಾಗುವುದು ಬಿಲ್ ಸ್ಕ್ಯಾನ್ ಆದಾಗ. ಬಿಲ್ ಯಾರದೋ ಮೇಲ್‌ಬಾಕ್ಸ್‌ನಲ್ಲಿ ಆರು ದಿನ ಮಲಗಿದ್ದರೆ ಆ ಆರು ದಿನ ಅದರ ಲೆಕ್ಕದಲ್ಲಿಲ್ಲ. ಹಾಗಾಗಿ ಬಿಲ್ ಮೇಲೆ ಅಚ್ಚಾದ ದಿನಾಂಕದಿಂದ ಬ್ಯಾಂಕಿನಿಂದ ಹಣ ಹೋದ ದಿನಾಂಕದವರೆಗೆ ಎಣಿಸಿ. ಈ ಎರಡೂ ದಿನಾಂಕ ಹಳೆಯ ಲೆಡ್ಜರ್‌ನಲ್ಲೂ ಇರುತ್ತವೆ, ಹೊಸದರಲ್ಲೂ ಇರುತ್ತವೆ. ಬೇಸ್‌ಲೈನ್ ಕಟ್ಟುವ ಕಷ್ಟವೇ ಇಲ್ಲದ ಅಪರೂಪದ ಅಳತೆ ಇದು. ವರ್ಷದ ಕೊನೆಯ ಒತ್ತಡ ಅಡ್ಡ ಬರದಂತೆ, ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆಗೇ ಹೋಲಿಸಿ. ಗೋ-ಲೈವ್ ಆದ ಮೊದಲ ಎರಡು ಮೂರು ತಿಂಗಳು ಎಲ್ಲರೂ ತಡವರಿಸುವ ಕಾಲ. ಆ ತಿಂಗಳುಗಳನ್ನು ಸರಾಸರಿಗೆ ಸೇರಿಸಬೇಡಿ, ಆದರೆ ವರದಿಯಿಂದ ಮರೆಮಾಚಲೂ ಬೇಡಿ. ಬೇರೆ ಸಾಲಿನಲ್ಲಿ ತೋರಿಸಿ.

ಇಳಿದದ್ದೆಲ್ಲ ಸಾಫ್ಟ್‌ವೇರ್‌ನಿಂದಲೇ ಇಳಿಯಿತೇ ಎಂಬ ಪ್ರಶ್ನೆಯೂ ಬರುತ್ತದೆ. ಅದೇ ಅವಧಿಯಲ್ಲಿ ದೊಡ್ಡ ಸರಬರಾಜುದಾರರು ಹತ್ತು ಬಿಲ್ ಬದಲು ತಿಂಗಳಿಗೆ ಒಂದೇ ಬಿಲ್ ಕಳಿಸಲು ಶುರುಮಾಡಿದ್ದರೆ, ಆ ಇಳಿಕೆಗೆ ಹಕ್ಕುದಾರರು ನೀವಲ್ಲ. ನಿಮ್ಮಲ್ಲಿ ಯಾವುದಾದರೂ ಶಾಖೆ ತಡವಾಗಿ ಹೊಸ ಸಿಸ್ಟಂಗೆ ಬಂದಿದ್ದರೆ ಅದೃಷ್ಟ ಎಂದುಕೊಳ್ಳಿ. ಬಂದವರನ್ನೂ ಬಾರದವರನ್ನೂ ಅದೇ ತಿಂಗಳುಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಬಹುದು.

ಇನ್ನು ನಿಮ್ಮ ಮುಂದಿರುವ ದಾರಿಗಳು. ಡ್ಯಾಶ್‌ಬೋರ್ಡ್‌ನ 5 ನಿಮಿಷವನ್ನೇ ಬರೆದು ‘ಗುರಿ ಮುಟ್ಟಿದೆ’ ಎನ್ನುವುದು ಎಲ್ಲಕ್ಕಿಂತ ಸುಲಭ. ಆದರೆ ಫೈನಾನ್ಸ್‌ನವರು ಈಗಾಗಲೇ ಪ್ರಶ್ನೆ ಎತ್ತಿದ್ದಾರೆ. ಅವರು ಮುಂದಿನ ಬಜೆಟ್‌ನಲ್ಲಿ ‘ಗುರಿ ಮುಟ್ಟಿದೆಯಲ್ಲ’ ಎಂದು ಆರು ಹುದ್ದೆ ಕತ್ತರಿಸಿದರೆ, 920 ಗಂಟೆಯ ಕೆಲಸದ ಜೊತೆಗೆ ತಾಳೆ, ತಿಂಗಳ ಕೊನೆ ಎಲ್ಲ ಸೇರಿ ಆರೇ ಜನರ ತಲೆ ಮೇಲೆ ಬೀಳುತ್ತದೆ. ಹಾಗೆ ಆದದ್ದನ್ನು ನಾನು ಒಂದು ಕಡೆ ನೋಡಿದ್ದೇನೆ. ಬಿಲ್‌ಗಳು ತಿಂಗಳುಗಟ್ಟಲೆ ಹಿಂದೆ ಬಿದ್ದು, ಕೊನೆಗೆ ಗುತ್ತಿಗೆಯವರನ್ನು ಕರೆಸಬೇಕಾಯಿತು. ‘ಸೋತಿತು’ ಎಂದು ಬರೆಯುವುದೂ ನಿಜವಲ್ಲ. ಜೊತೆಗೆ, ಆರ್ಡರ್ ನಿಯಮ ತಂದು ಉಳಿದ ಲಾಭ ಎತ್ತುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ‘ಇನ್ನೂ ಆರು ತಿಂಗಳು ಕಾಯೋಣ’ ಎಂಬುದು ಒಮ್ಮೊಮ್ಮೆ ಸರಿ, ಬಳಕೆ ಇನ್ನೂ ಏರುತ್ತಿದ್ದರೆ. ನಿಮ್ಮಲ್ಲಿ ಎಕ್ಸೆಪ್ಶನ್‌ಗಳ ಪಾಲು ಕಳೆದ ಮೂರು ತಿಂಗಳಲ್ಲಿ ಇಳಿಯುತ್ತಿದೆಯೇ ನೋಡಿ. ಅಲ್ಲಾಡದೆ ನಿಂತಿದ್ದರೆ ಕಾದು ಪ್ರಯೋಜನವಿಲ್ಲ. ಅಷ್ಟರಲ್ಲಿ ಹಳೆಯ ಸಿಸ್ಟಂನ ಲಾಗ್ ಯಾರೋ ಅಳಿಸಿರುತ್ತಾರೆ. ಹಾಗಾಗಿ ಏನೇ ತೀರ್ಮಾನ ಮಾಡಿದರೂ ಆ ಲಾಗ್‌ನ ಒಂದು ಪ್ರತಿಯನ್ನು ಈ ವಾರವೇ ತೆಗೆದಿಡಿ.

ನನ್ನ ಸಲಹೆ, ಈಗಲೇ ಅಳೆದು, ಮೂರು ಗುಂಪು ಮಾಡಿ ಬರೆಯಿರಿ. ಲೆಡ್ಜರ್‌ನಲ್ಲಿ ಕಾಣುವಂಥದ್ದು ಒಂದು ಗುಂಪು. ಇದೆ, ಆದರೆ ಅಳತೆ ಅಂದಾಜಿನದು ಎಂಬುದು ಇನ್ನೊಂದು. ತೋರಿಸಲಾಗದ್ದು ಮೂರನೆಯದು. ನನ್ನ ವರದಿಯ ಮೊದಲ ಪುಟದಲ್ಲಿ ಇದ್ದದ್ದು ಇಷ್ಟೇ:

> ಭರವಸೆ: ತಿಂಗಳಿಗೆ 900 ಗಂಟೆ. ಕಂಡದ್ದು: 180ರಿಂದ 280 ಗಂಟೆ. ಇದರಲ್ಲಿ 90 ಗಂಟೆ ಓವರ್‌ಟೈಮ್ ನಿಂತು ಹಣವಾಗಿದೆ, ಸಂಬಳದ ಪಟ್ಟಿಯಲ್ಲಿ ನೋಡಬಹುದು. ಉಳಿದದ್ದು 12 ಜನರಲ್ಲಿ ಹಂಚಿದೆ, ಕೆಲಸ ಮರುಹಂಚಿಕೆಯಾಗದೆ ಹಣವಾಗದು. ಬೇರೆ ವಿಭಾಗಗಳಿಗೆ 100 ಗಂಟೆ ಕೆಲಸ ಹೆಚ್ಚಿದೆ. ಆರ್ಡರ್ ಇಲ್ಲದ ಬಿಲ್ ವಾಪಸ್ ಕಳಿಸುವ ನಿಯಮ ಜಾರಿಯಾದರೆ ಇನ್ನೂ ಸುಮಾರು 230 ಗಂಟೆ ಸಾಧ್ಯ. ಆರು ಹುದ್ದೆಗಳ ಉಳಿತಾಯ ಸಾಧ್ಯವಿಲ್ಲ.

ಇದರಲ್ಲೂ ಅಪಾಯವಿದೆ, ಮುಚ್ಚಿಡುವುದಿಲ್ಲ. ಬಿಸಿನೆಸ್ ಕೇಸ್‌ಗೆ ಸಹಿ ಹಾಕಿದವರಿಗೆ ಕೊನೆಯ ವಾಕ್ಯ ಹಿತವಾಗುವುದಿಲ್ಲ. ಅದಕ್ಕೇ ಇದನ್ನು ಮೀಟಿಂಗ್‌ನಲ್ಲಿ ಎಲ್ಲರೆದುರು ಮೊದಲ ಸಲ ಓದಬೇಡಿ. ಪ್ರಾಜೆಕ್ಟ್‌ನ ಬೆನ್ನಿಗೆ ನಿಂತ ಹಿರಿಯ ಅಧಿಕಾರಿ, ಅಂದರೆ ಸ್ಪಾನ್ಸರ್, ಮತ್ತು ಅಕೌಂಟ್ಸ್ ಮುಖ್ಯಸ್ಥರಿಗೆ ಮುಂಚೆಯೇ ತೋರಿಸಿ. ಇನ್ನೊಂದು ತೊಡಕು, ನೀವು ಕಟ್ಟಿದ್ದನ್ನು ನೀವೇ ಅಳೆಯುತ್ತಿದ್ದೀರಿ. ಎಷ್ಟೇ ಪ್ರಾಮಾಣಿಕರಾದರೂ ನಿಮ್ಮ ಸಂಖ್ಯೆಯ ಮೇಲೆ ಅನುಮಾನ ಇದ್ದೇ ಇರುತ್ತದೆ. ಅಳೆಯುವ ವಿಧಾನವನ್ನು ಅರ್ಧ ಪುಟದಲ್ಲಿ ಬರೆದು, ಸಂಖ್ಯೆಗಳು ಬರುವುದಕ್ಕೂ ಮುನ್ನ ಫೈನಾನ್ಸ್‌ನವರ ಒಪ್ಪಿಗೆ ಪಡೆಯಿರಿ. ಅರ್ಧ ಗಂಟೆಗಿಂತ ದೊಡ್ಡ ಅಂತರ ಬಿಡುತ್ತೇವೆ, ಈ ಮೂರು ತಿಂಗಳು ನೋಡುತ್ತೇವೆ ಎಂಬ ಮಟ್ಟದ ವಿವರ ಅದರಲ್ಲಿರಲಿ. ಸಂಖ್ಯೆ ಬಂದ ಮೇಲೆ ವಿಧಾನ ಚರ್ಚಿಸಲು ಕೂತರೆ ಅದು ಚೌಕಾಸಿಯಾಗುತ್ತದೆ. ಚೀಟಿ ಎಣಿಸುವ ಕೆಲಸವನ್ನೂ ಸಾಧ್ಯವಾದರೆ ಅವರ ಕಡೆಯ ಒಬ್ಬರಿಗೆ ಕೊಡಿ.

ವರದಿಯ ಕೆಳಗೆ ಲಾಭದ ಹೊಣೆ ಹೊತ್ತವರಾಗಿ ಸಹಿ ಹಾಕಬೇಕಾದವರು ಅಕೌಂಟ್ಸ್ ಮುಖ್ಯಸ್ಥರು. ನೀವು ನಾಳೆ ಇನ್ನೊಂದು ಪ್ರಾಜೆಕ್ಟ್‌ಗೆ ಹೋಗುತ್ತೀರಿ. ಕೆಲಸ ಮರುಹಂಚಿಕೆ ಮಾಡುವುದು, ಬಿಲ್ ವಾಪಸ್ ಕಳಿಸುವುದು ನಿಮ್ಮ ಕೈಯಲ್ಲಿಲ್ಲ. ಅವರು ಸಹಿ ಹಾಕಲು ಹಿಂಜರಿದರೆ ಬಲವಂತ ಮಾಡಬೇಡಿ, ಯಾವ ಸಾಲಿಗೆ ಹಿಂಜರಿಯುತ್ತಿದ್ದಾರೆ ಎಂದು ಕೇಳಿ. ನನ್ನ ಕೇಸ್‌ನಲ್ಲಿ ಅವರು ನಿಂತದ್ದು ಆ 1,000 ಬಿಲ್‌ಗಳ ಸಾಲಿನಲ್ಲಿ. ‘ಬಿಲ್ ವಾಪಸ್ ಕಳಿಸಿದರೆ ಫೋನ್ ಬರುವುದು ನನಗೆ’ ಎಂದರು. ನಿಜವೇ. ಸ್ಪಾನ್ಸರ್ ತಮ್ಮ ಹೆಸರಿನಲ್ಲಿ ಎಲ್ಲ ವಿಭಾಗಗಳಿಗೂ ಸುತ್ತೋಲೆ ಕಳಿಸಿದ ಮೇಲೆಯೇ ಅವರು ಪೆನ್ ತೆಗೆದದ್ದು. ಮೊದಲ ತಿಂಗಳು ವಾಪಸ್ ಹೋದ ಬಿಲ್‌ಗಳಲ್ಲಿ ಸ್ಪಾನ್ಸರ್ ವಿಭಾಗದವೂ ಇದ್ದವು.

ಮುಂದಿನ ಅಳತೆಗೆ ನಾಲ್ಕು ತಿಂಗಳ ನಂತರದ ಒಂದು ದಿನವನ್ನು ಈಗಲೇ ಬರೆದಿಡಿ. ಅದಕ್ಕೂ ಮುಂಚೆ ವೆಂಡರ್‌ಗೆ ಹೇಳಿ ಡ್ಯಾಶ್‌ಬೋರ್ಡ್‌ನಲ್ಲಿ ಎಕ್ಸೆಪ್ಶನ್ ಬಿಲ್‌ಗಳ ಮೇಲೆ ಕೈಯಾಡಿಸಿದ ಸಮಯವೂ ಸೇರುವಂತೆ ಮಾಡಿಸಿ. ಆಮೇಲೆ ಆ ಸಂಖ್ಯೆ 5 ಇರುವುದಿಲ್ಲ, ನಿಮ್ಮಲ್ಲೂ ನನ್ನ ಕೇಸ್‌ನಂತೆಯೇ ಇದ್ದರೆ ಒಂದೇ ದಿನದಲ್ಲಿ 9ಕ್ಕೆ ಹಾರುತ್ತದೆ. ಹಾರುವ ದಿನ ಯಾವುದು ಎಂದು ಫೈನಾನ್ಸ್ ಮುಖ್ಯಸ್ಥರಿಗೆ ಒಂದು ವಾರ ಮುಂಚೆಯೇ ತಿಳಿಸಿರಿ.